ಗೋಡೆಯೊಳಗೆ ಏನಿದೆ: ನಾಲ್ಕು ರಂಧ್ರಗಳ ಲೆಕ್ಕ

ಕೆಲಸ ಇಷ್ಟೇ. ಮಲಗುವ ಕೋಣೆಯ ಗೋಡೆಗೆ ಪುಸ್ತಕದ ಕಪಾಟು ತೂಗುಹಾಕಬೇಕು. ಅದನ್ನು ಹಿಡಿಯುವುದು 1200 ಮಿ.ಮೀ. ಉದ್ದದ ಒಂದು ಲೋಹದ ಪಟ್ಟಿ. ಪಟ್ಟಿಯಲ್ಲಿ 50 ಮಿ.ಮೀ.ಗೆ ಒಂದರಂತೆ ತೂತುಗಳಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಸ್ಕ್ರೂ ಹಾಕಿದರೆ ಸಾಕು. ತೊಂದರೆ ಏನೆಂದರೆ, ಆ ಗೋಡೆಯ ಆ ಕಡೆ ಬಾತ್‌ರೂಮ್ ಇದೆ. ಗೀಸರ್, ಶವರ್, ಕನ್ನಡಿ ಮೇಲಿನ ಲೈಟು, ಎಲ್ಲವೂ ಅದೇ ಗೋಡೆಯಲ್ಲಿ. ಈ ಕಡೆ ಬಾಗಿಲ ಪಕ್ಕದಲ್ಲಿ ಸ್ವಿಚ್ ಬೋರ್ಡ್.

ಇಂಥ ಗೋಡೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ. ಎಲ್ಲಿ ಕೊರೆಯಬಹುದು? ಎಷ್ಟು ಆಳ ಕೊರೆಯಬಹುದು? ಆ ಕಡೆಯಿಂದ ಹೂತಿಟ್ಟ ಪೈಪಿನಿಂದ ನಮ್ಮನ್ನು ಕಾಪಾಡುವುದು ಆಳದ ಮಿತಿ. ಈ ಕಡೆಯಿಂದ ಹೂತಿಟ್ಟ ವೈರಿನ ವಿಷಯದಲ್ಲಿ ಆಳದ ಮಿತಿ ಯಾವ ಕೆಲಸಕ್ಕೂ ಬರುವುದಿಲ್ಲ. ಅದು ಗಾರೆಯ ಹಿಂದೆಯೇ, ಬೆರಳಿನ ಅಗಲದಷ್ಟು ಒಳಗೇ ಇರುತ್ತದೆ. ಅಲ್ಲಿ ಜಾಗ ಬದಲಿಸುವುದೊಂದೇ ದಾರಿ.

ಎರಡೂ ಕಡೆಗೆ ಒಂದೇ ಅಳತೆ

ಮೊದಲ ಕೆಲಸಕ್ಕೆ ಯಂತ್ರ ಬೇಡ. ಟೇಪು, ಪೆನ್ಸಿಲ್, ಒಂದು ಹಾಳೆ ಸಾಕು. ಗೋಡೆಯ ಎರಡೂ ಕಡೆ ಕಾಣುವ ಪ್ರತಿಯೊಂದು ವಸ್ತುವನ್ನೂ ಒಂದೇ ನಕ್ಷೆಯಲ್ಲಿ ಗುರುತು ಹಾಕಬೇಕು: ಸ್ವಿಚ್ ಬೋರ್ಡ್, ಲೈಟ್ ಪಾಯಿಂಟ್, ನಲ್ಲಿ, ಶವರ್, ಗೀಸರ್.

ಇಲ್ಲಿ ಎತ್ತರವನ್ನು ನೆಲದಿಂದ ಅಳೆಯಬಾರದು. ಬಾತ್‌ರೂಮಿನ ನೆಲ ಸಾಮಾನ್ಯವಾಗಿ ಸ್ವಲ್ಪ ತಗ್ಗಿನಲ್ಲಿರುತ್ತದೆ, ಅದಕ್ಕೆ ಇಳಿಜಾರೂ ಇರುತ್ತದೆ. ಹಾಗಾಗಿ ಎರಡೂ ಕಡೆಯಿಂದ ಕಾಣುವ ಒಂದೇ ವಸ್ತುವನ್ನು ಹಿಡಿದುಕೊಂಡೆ. ಅದು ಬಾಗಿಲ ಚೌಕಟ್ಟು. ಚೌಕಟ್ಟಿನ ಮೇಲಂಚಿನಿಂದ ಕೆಳಕ್ಕೆ ಎಷ್ಟು, ಪಕ್ಕದ ಅಂಚಿನಿಂದ ಗೋಡೆಯ ಉದ್ದಕ್ಕೆ ಎಷ್ಟು, ಎರಡೇ ಅಳತೆ. ಇದರಿಂದ ಎಡ ಬಲದ ಗೊಂದಲವೂ ತಪ್ಪುತ್ತದೆ. ಮಲಗುವ ಕೋಣೆಯಲ್ಲಿ ನಿಂತರೆ ಬಾಗಿಲು ನನ್ನ ಎಡಕ್ಕಿದೆ, ಬಾತ್‌ರೂಮಿನಲ್ಲಿ ನಿಂತರೆ ಬಲಕ್ಕಿದೆ. ಆದರೆ ಬಾಗಿಲಿನಿಂದ 900 ಎಂದರೆ ಎರಡೂ ಕಡೆಯೂ ಅದೇ ಜಾಗ.

ನಕ್ಷೆಯಲ್ಲಿ ಬಂದದ್ದು ಹೀಗೆ. ಈ ಕಡೆ ಸ್ವಿಚ್ ಬೋರ್ಡ್ ಬಾಗಿಲಿನಿಂದ 200ರಲ್ಲಿ. ಆ ಕಡೆ ಕನ್ನಡಿಯ ಲೈಟು 910ರಲ್ಲಿ, ಚೌಕಟ್ಟಿನ ಮೇಲಂಚಿನಿಂದ 240 ಕೆಳಗೆ. ಶವರಿನ ಮಿಕ್ಸರ್ ನಲ್ಲಿಯ ನಡು 1500ರಲ್ಲಿ. ನಾನು ಪಟ್ಟಿ ಹಾಕಬೇಕೆಂದುಕೊಂಡಿದ್ದು 500ರಿಂದ 1700ರವರೆಗೆ, ಚೌಕಟ್ಟಿನ ಮೇಲಂಚಿನಿಂದ 300 ಕೆಳಗೆ. ಸ್ಕ್ರೂಗಳು 550, 900, 1250, 1600ರಲ್ಲಿ. ಎಲ್ಲ ಅಳತೆಯೂ ಮಿ.ಮೀ.ನಲ್ಲೇ ಇದೆ, ಇನ್ನು ಮುಂದೆ ಪ್ರತಿ ಸಲ ಹೇಳುವುದಿಲ್ಲ.

ನಕ್ಷೆ ಮುಗಿದ ಮೇಲೆ ಪ್ರತಿಯೊಂದು ವಸ್ತುವಿನಿಂದ ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ ನೇರ ಗೆರೆ ಎಳೆದೆ. ವೈರು, ಪೈಪು ಹಾಕುವವರು ಸಾಮಾನ್ಯವಾಗಿ ಈ ಗೆರೆಗಳ ಮೇಲೆಯೇ ಹೋಗುತ್ತಾರೆ. ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಇದನ್ನೇ ಬರೆದಿಟ್ಟಿದೆ. ಬೇರೆ ರಕ್ಷಣೆ ಇಲ್ಲದೆ 50 ಮಿ.ಮೀ.ಗಿಂತ ಕಡಿಮೆ ಆಳದಲ್ಲಿ ಹೂತ ಕೇಬಲ್ ಒಂದೋ ಸ್ವಿಚ್ ಅಥವಾ ಸಾಕೆಟ್ಟಿನಿಂದ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಹೋಗಬೇಕು. ಇಲ್ಲವೇ ಗೋಡೆಯ ಮೇಲ್ತುದಿಯಿಂದ ಅಥವಾ ಮೂಲೆಯಿಂದ 150 ಮಿ.ಮೀ. ಒಳಗಿನ ಪಟ್ಟಿಯಲ್ಲಿರಬೇಕು. ಗೋಡೆ 100 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದು, ಸ್ವಿಚ್ಚಿನ ಜಾಗ ಹಿಂಬದಿಯಿಂದಲೂ ಗೊತ್ತಾಗುವಂತಿದ್ದರೆ, ಸ್ವಿಚ್ಚಿನಿಂದ ಹೊರಡುವ ನೇರ ಗೆರೆಗಳ ಈ ನಿಯಮ ಹಿಂಬದಿಗೂ ಅನ್ವಯಿಸುತ್ತದೆ. ಅಂದರೆ ಆ ಕಡೆಯ ಸ್ವಿಚ್ಚಿನ ವೈರು ಈ ಕಡೆಯಿಂದ ಕೊರೆಯುವವರಿಗೂ ಸಿಗಬಹುದು ಅಂತ ನಿಯಮ ಬರೆದವರೇ ಒಪ್ಪಿಕೊಂಡಂತಾಯಿತು. ನಿಯಮ ಎಲ್ಲಿಯದೇ ಆಗಿರಲಿ, ಊಹೆ ಶುರು ಮಾಡುವುದಕ್ಕೆ ಒಳ್ಳೆಯ ಜಾಗ ಇದು. ಆದರೆ ಊಹೆ ಊಹೆಯೇ. ಕೆಲಸ ಬೇಗ ಮುಗಿಸಲು ಓರೆಯಾಗಿ ಎಳೆದ ವೈರುಗಳೂ ಇರುತ್ತವೆ.

ಸ್ಕ್ಯಾನರ್ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ನನ್ನ ಹತ್ತಿರ ಇರುವುದು ಮಾಮೂಲಿ ವಾಲ್ ಸ್ಕ್ಯಾನರ್. ಅದರಲ್ಲಿ ಲೋಹ ಹುಡುಕುವ ಮೋಡ್ ಇದೆ, ಕರೆಂಟ್ ಹುಡುಕುವ ಎಸಿ ಮೋಡ್ ಇದೆ. ಇವೆರಡೂ ಬೇರೆಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ. ಅದು ಗೊತ್ತಿಲ್ಲದೆ ಬಳಸಿದರೆ ಯಂತ್ರ ಸುಮ್ಮನಿದ್ದಾಗಲೆಲ್ಲ ಗೋಡೆ ಖಾಲಿ ಎಂದುಕೊಂಡುಬಿಡುತ್ತೇವೆ.

ಎಸಿ ಮೋಡ್ ಹಿಡಿಯುವುದು ವೈರನ್ನಲ್ಲ, ವೈರಿನ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು. ವೈರಿನಲ್ಲಿ ವೋಲ್ಟೇಜ್ ಇದ್ದರೆ ಮಾತ್ರ ಅದು ಕೂಗುತ್ತದೆ. ಸ್ವಿಚ್ ಆಫ್ ಇದ್ದರೆ ಸ್ವಿಚ್ಚಿನಿಂದ ಲೈಟಿಗೆ ಹೋಗುವ ಫೇಸ್ ವೈರಿನಲ್ಲಿ ವೋಲ್ಟೇಜ್ ಇರುವುದಿಲ್ಲ. ಆಗ ಯಂತ್ರಕ್ಕೆ ಅದು ಇಲ್ಲದಂತೆಯೇ. ಆದ್ದರಿಂದ ಹುಡುಕುವಾಗ ಮೇನ್ ಆನ್ ಇರಬೇಕು, ಮನೆಯ ಆ ಭಾಗದ ಎಲ್ಲ ಲೈಟು, ಫ್ಯಾನು, ಗೀಸರ್ ಕೂಡ ಆನ್ ಇರಬೇಕು. ಕೊರೆಯುವಾಗ ಎಲ್ಲ ಆಫ್. ಈ ಕ್ರಮ ಉಲ್ಟಾ ಆದರೆ ಹುಡುಕಿದ್ದೂ ವ್ಯರ್ಥ. ವೈರು ಅರ್ಥಿಂಗ್ ಆದ ಕಬ್ಬಿಣದ ಕಾಂಡ್ಯೂಟ್ ಒಳಗಿದ್ದರೆ ಕ್ಷೇತ್ರ ಹೊರಗೆ ಬರುವುದಿಲ್ಲ. ಆಗ ಲೋಹದ ಮೋಡ್ ಬೇಕು.

ಲೋಹದ ಮೋಡ್‌ಗೆ ಕರೆಂಟ್ ಬೇಕಿಲ್ಲ. ತಾಮ್ರದ ಪೈಪು, ಜಿಐ ಪೈಪು, ಕಬ್ಬಿಣದ ಸರಳು, ದಪ್ಪ ವೈರಿನ ಕಟ್ಟು ಸಿಗುತ್ತವೆ. ಒಂಟಿ ತೆಳು ವೈರು ಸ್ವಲ್ಪ ಆಳದಲ್ಲಿದ್ದರೆ ಸಿಗದೆಯೂ ಹೋಗಬಹುದು. ಪ್ಲಾಸ್ಟಿಕ್ಕಿನ ನೀರಿನ ಪೈಪು ಅಂತೂ ಸಿಗುವುದೇ ಇಲ್ಲ. ಈಗಿನ ಬಾತ್‌ರೂಮುಗಳಲ್ಲಿ ಇರುವುದೇ ಸಿಪಿವಿಸಿ ಅಥವಾ ಅಂಥದೇ ಪ್ಲಾಸ್ಟಿಕ್ ಪೈಪು ಅಲ್ವಾ? ಅದಕ್ಕೆ ಬೇರೆ ಉಪಾಯ ಮಾಡಬೇಕು. ಅದು ಮುಂದೆ ಬರುತ್ತದೆ.

ಇನ್ನೊಂದು ಮಿತಿ ಆಳದ್ದು. ನನ್ನ ಯಂತ್ರದ ಕೈಪಿಡಿಯಲ್ಲಿ ಕರೆಂಟ್ ವೈರಿಗೆ 50 ಮಿ.ಮೀ. ಎಂದಿದೆ. ಅದು ಒಣಗಿದ, ಒಳ್ಳೆಯ ಗೋಡೆಯಲ್ಲಿ ಸಿಗುವ ಗರಿಷ್ಠ. ಈ ಮಿತಿಯೇ ಮುಂದೆ ನನಗೆ ಒಂದು ಸುಳಿವು ಕೊಟ್ಟಿತು.

ಶುರು ಮಾಡುವ ಮೊದಲು ಯಂತ್ರವನ್ನು ಗೊತ್ತಿರುವ ವೈರಿನ ಮೇಲೆ ಪರೀಕ್ಷಿಸಿದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಅಡ್ಡಕ್ಕೆ ಎಳೆದಾಗ 200ರ ಸುತ್ತ ಕೂಗಿತು. ಅಲ್ಲಿ ಕೂಗದಿದ್ದರೆ ಬ್ಯಾಟರಿಯನ್ನೋ ಯಂತ್ರವನ್ನೋ ಅನುಮಾನಿಸಬೇಕು, ಮುಂದೆ ಹೋಗಬಾರದು.

ಒಂದೇ ಸಮನೆ ಕೂಗಿದ ಗೋಡೆ

ಬಾತ್‌ರೂಮಿನ ಲೈಟು ಆಫ್ ಇಟ್ಟು, ಪಟ್ಟಿ ಬರುವ ಎತ್ತರದಲ್ಲಿ ಎಡದಿಂದ ಬಲಕ್ಕೆ ಎಳೆದಾಗ 200ರ ಗೆರೆ ಬಿಟ್ಟರೆ ಬೇರೆ ಸದ್ದಿಲ್ಲ. ಕನ್ನಡಿಯ ಲೈಟು ಆನ್ ಮಾಡಿ ಮತ್ತೆ ಎಳೆದೆ. ಈಗ 200ರಿಂದ ಸುಮಾರು 900ರವರೆಗೆ ಸಣ್ಣಗೆ, ಒಂದೇ ಸಮನೆ ಕೂಗುತ್ತಲೇ ಇತ್ತು. ಆಮೇಲೆ ನಿಂತಿತು.

ಇಂಥ ಉದ್ದನೆಯ, ಏರಿಳಿತ ಇಲ್ಲದ ಸದ್ದು ಬಂದಾಗ ಜನ ಅದನ್ನು ತೇವ ಅಂತ ತಳ್ಳಿಹಾಕುವುದು ಜಾಸ್ತಿ. ನಿಜ, ತೇವ ಇರುವ ಗಾರೆ ವಿದ್ಯುತ್ ಕ್ಷೇತ್ರವನ್ನು ಹರಡುತ್ತದೆ. ಒಣಹವೆಯಲ್ಲಿ ಗೋಡೆಯ ಮೇಲಿನ ಸ್ಥಿರ ವಿದ್ಯುತ್ತೂ ಹೀಗೇ ಮಾಡುತ್ತದೆ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಇನ್ನೊಂದು ಅಂಗೈಯನ್ನು ಯಂತ್ರದಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಒತ್ತಿ ಹಿಡಿದು ಮತ್ತೆ ಎಳೆಯಬೇಕು. ಸ್ಥಿರ ವಿದ್ಯುತ್ ಕೈಯ ಮೂಲಕ ಇಳಿದುಹೋಗುತ್ತದೆ, ಸುಳ್ಳು ಸದ್ದು ಕಡಿಮೆಯಾಗುತ್ತದೆ. ಇಲ್ಲಿ ಕಡಿಮೆಯಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಲೈಟು ಆಫ್ ಮಾಡಿದ ಕೂಡಲೇ ಸದ್ದು ಪೂರ್ತಿ ನಿಂತಿತು, ಆನ್ ಮಾಡಿದರೆ ಬಂತು. ತೇವಕ್ಕೆ ಸ್ವಿಚ್ಚಿನ ಹಂಗಿಲ್ಲ. ಇದು ವೈರೇ.

ಹಾಗಾದರೆ ಒಂದೇ ಸಮನೆ ಏಕೆ? ನಾನು ಎಳೆಯುತ್ತಿದ್ದ ದಿಕ್ಕಿನಲ್ಲೇ ವೈರೂ ಹೋಗಿದ್ದರೆ ಹಾಗೆಯೇ ಆಗುತ್ತದೆ. ವೈರನ್ನು ಅಡ್ಡ ದಾಟಿದಾಗ ಮಾತ್ರ ಸದ್ದು ಏರಿ ಇಳಿಯುತ್ತದೆ. ಜೊತೆಯಲ್ಲೇ ಸಾಗಿದರೆ ಏರಿಳಿತಕ್ಕೆ ಜಾಗವೇ ಇಲ್ಲ. ಲೋಹದ ಮೋಡ್‌ನಲ್ಲಿ ಇದು ಇನ್ನೂ ಅಪಾಯ. ಶುರುವಿನಲ್ಲಿ ಇಟ್ಟ ಜಾಗವನ್ನೇ ಖಾಲಿ ಗೋಡೆ ಎಂದು ಲೆಕ್ಕ ಹಿಡಿದುಕೊಳ್ಳುವ ಯಂತ್ರಗಳು ಬಹಳ. ಅಕಸ್ಮಾತ್ ಪೈಪಿನ ಮೇಲೆಯೇ ಇಟ್ಟು ಆನ್ ಮಾಡಿ ಅದರ ಉದ್ದಕ್ಕೇ ಎಳೆದರೆ ಅವು ಏನನ್ನೂ ತೋರಿಸದಿರಬಹುದು. ಆದ್ದರಿಂದ ಪ್ರತಿ ಗೋಡೆಯನ್ನೂ ಅಡ್ಡಕ್ಕೂ ಲಂಬಕ್ಕೂ, ಎರಡೂ ರೀತಿ ನೋಡಲೇಬೇಕು.

ಲೈಟು ಆನ್ ಇಟ್ಟು ಈಗ 550ರಲ್ಲಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆದೆ. ಚೌಕಟ್ಟಿನ ಮಟ್ಟದಿಂದ 195 ಕೆಳಗೆ ಬಂದಾಗ ಸದ್ದು ಜೋರಾಯಿತು, ಅಲ್ಲೊಂದು ಗುರುತು. ಆಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದೆ, 285ರಲ್ಲಿ ಜೋರಾಯಿತು, ಅಲ್ಲೊಂದು ಗುರುತು. ಒಂದೇ ದಿಕ್ಕಿನಿಂದ ಬಂದು ಎರಡೂ ಅಂಚನ್ನು ಗುರುತಿಸಲು ಹೋಗಬಾರದು. ಯಂತ್ರ ಸದ್ದು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಸ್ವಲ್ಪ ತಡ ಮಾಡುತ್ತದೆ. ಎರಡು ಕಡೆಯಿಂದ ಬಂದರೆ ಆ ತಡ ಒಂದಕ್ಕೊಂದು ಹೊಡೆದುಹೋಗುತ್ತದೆ. ಎರಡು ಗುರುತುಗಳ ನಡು 240. ಇನ್ನೂ ಎರಡು ಕಡೆ ಹೀಗೇ ನೋಡಿದೆ, ನಡು ಅಲ್ಲಲ್ಲೇ ಬಂತು. ಕನ್ನಡಿಯ ಲೈಟಿನ ಎತ್ತರವೂ 240. ಲೈಟಿನ ಮೇಲಕ್ಕೂ ಕೆಳಕ್ಕೂ ಸದ್ದಿಲ್ಲ.

ಅಂದರೆ ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಹೋದ ಕಾಂಡ್ಯೂಟಿನಿಂದ ಒಂದು ಕವಲು ಅಡ್ಡಕ್ಕೆ ಹೊರಟು, ನೇರವಾಗಿ ಲೈಟಿನ ಹಿಂದೆ ಹೋಗಿದೆ. ಸೀಲಿಂಗಿಗೆ ಹೋಗಿ ಇಳಿದಿಲ್ಲ. ಇಷ್ಟೇ ಅಲ್ಲ. ಯಂತ್ರಕ್ಕೆ ಈ ಕಡೆಯಿಂದ ಇಷ್ಟು ಸ್ಪಷ್ಟವಾಗಿ ಸಿಕ್ಕಿದೆ ಎಂದರೆ ಆ ವೈರು ನಮ್ಮ ಕಡೆಯ 50 ಮಿ.ಮೀ. ಒಳಗೇ ಇದೆ. ಬಾತ್‌ರೂಮಿನ ಲೈಟಿನ ವೈರನ್ನು ಮಲಗುವ ಕೋಣೆಯ ಕಡೆಯಿಂದ ಗ್ರೂವ್ ಹೊಡೆದು ಕೂರಿಸಿ, ಕೊನೆಯಲ್ಲಿ ಗೋಡೆ ತೂರಿಸಿ ಆ ಕಡೆಗೆ ಕೊಟ್ಟಿದ್ದಾರೆ. ನಮ್ಮ ಕಡೆಯಿಂದ ನೋಡಿದರೆ ಆ ಜಾಗದಲ್ಲಿ ಸ್ವಿಚ್ಚೂ ಇಲ್ಲ, ಲೈಟೂ ಇಲ್ಲ, ಬರೀ ಗೋಡೆ.

ಪಟ್ಟಿ 300ರಲ್ಲಿ ಇದ್ದಿದ್ದರೆ ಸ್ಕ್ರೂವಿನಿಂದ ವೈರಿನ ನಡುವಿಗೆ 60 ಮಾತ್ರ. ಕಾಂಡ್ಯೂಟಿನ ದಪ್ಪ, ಯಂತ್ರದ ತಪ್ಪು, ಡ್ರಿಲ್ ಬಿಟ್ ಜಾರುವುದು, ಎಲ್ಲ ಸೇರಿದರೆ ಆ ಅಂತರ ನನಗೆ ಸಾಲದು. ಪಟ್ಟಿಯನ್ನು 360ಕ್ಕೆ ಇಳಿಸಿದೆ. ಕಪಾಟು ಸ್ವಲ್ಪ ಕೆಳಗೆ ಬಂತು, ಕೈಗೆ ಇನ್ನೂ ಸುಲಭ.

ಪ್ಲಾಸ್ಟಿಕ್ ಪೈಪಿಗೆ ಬಿಸಿನೀರು

ಈಗ ಬಲಗಡೆಯ ಕಥೆ. ಗೋಡೆಯ ಮಿಕ್ಸರ್‌ಗಳಲ್ಲಿ ಬಿಸಿ ಮತ್ತು ತಣ್ಣೀರಿನ ಎರಡು ಬಾಯಿಗಳ ನಡುವಿನ ಅಂತರ ಸಾಮಾನ್ಯವಾಗಿ 150 ಮಿ.ಮೀ. ನಡು 1500ರಲ್ಲಿದ್ದರೆ ಬಾಯಿಗಳು 1425 ಮತ್ತು 1575ರಲ್ಲಿ. ಮಿಕ್ಸರ್ ಎದುರು ನಿಂತಾಗ ಬಿಸಿನೀರು ವಾಡಿಕೆಯಂತೆ ಎಡಕ್ಕೆ. ಆ ಕಡೆ ನಿಂತವರ ಎಡ ಎಂದರೆ ಬಾಗಿಲಿನಿಂದ ದೂರದ್ದು, ಅಂದರೆ 1575. ಗೀಸರ್ ಮೇಲಿದೆ, ಬಿಸಿನೀರಿನ ಪೈಪು ಮೇಲಿನಿಂದಲೇ ಇಳಿಯಬೇಕು. ನನ್ನ ಕೊನೆಯ ಸ್ಕ್ರೂ 1600ರಲ್ಲಿ. 25 ಮಿ.ಮೀ. ಅಂತರ!

ಇದು ಕಾಗದದ ಲೆಕ್ಕ. ಖಚಿತ ಮಾಡಿಕೊಳ್ಳಲು ಪೈಪನ್ನೇ ಬಿಸಿ ಮಾಡಿದೆ. ಗೋಡೆ ತಣ್ಣಗಿರುವ ಹೊತ್ತು ನೋಡಿ, ಮೊದಲು ಟೈಲ್ಸ್ ಒರೆಸಿ ಒಣಗಿಸಿದೆ. ಶವರ್ ಬಿಡದೆ ಕೆಳಗಿನ ನಲ್ಲಿಯಲ್ಲಿ ಬರೀ ಬಿಸಿನೀರು ಬಿಟ್ಟೆ. ಶವರ್ ಬಿಟ್ಟರೆ ಮಿಕ್ಸರಿನಿಂದ ಮೇಲೆ ಹೋಗುವ ಪೈಪೂ ಬಿಸಿಯಾಗಿ ಎರಡೂ ಕಲಸಿಹೋಗುತ್ತವೆ. ಟೈಲ್ಸ್ ಮೇಲೆ ಕೈಯ ಹಿಂಬದಿ ಇಟ್ಟು ಅಡ್ಡಕ್ಕೆ ಸರಿಸುತ್ತಾ ಹೋದೆ. ಅಂಗೈಗಿಂತ ಅಲ್ಲಿ ಬೆಚ್ಚಗಿರುವುದು ಬೇಗ ಗೊತ್ತಾಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕೆಲವು ನಿಮಿಷಗಳಾದ ಮೇಲೆ ಲಂಬವಾದ ಬೆಚ್ಚನೆಯ ಪಟ್ಟಿಯೊಂದು ಸಿಕ್ಕಿತು. ಸಿಕ್ಕ ಕೂಡಲೇ ಗುರುತು ಹಾಕಬೇಕು. ಮೊದಲು ಅದು ಕಿರಿದಾಗಿರುತ್ತದೆ, ಹೊತ್ತು ಕಳೆದಂತೆ ಬಿಸಿ ಎರಡೂ ಪಕ್ಕಕ್ಕೆ ಹರಡಿ ನಡು ಯಾವುದೆಂದು ಹೇಳುವುದು ಕಷ್ಟವಾಗುತ್ತದೆ. ಪಟ್ಟಿಯ ನಡು 1575ಕ್ಕೇ ಬಂತು.

ಆಮೇಲೆ ಶವರ್ ಬಿಟ್ಟೆ. 1500ರಲ್ಲಿ ಇನ್ನೊಂದು ಪಟ್ಟಿ ಬೆಚ್ಚಗಾಯಿತು. ಅದು ಶವರಿಗೆ ಏರುವ ಪೈಪು.

ಈ ಪರೀಕ್ಷೆಯನ್ನು ಮಲಗುವ ಕೋಣೆಯ ಕಡೆಯಿಂದ ಮಾಡಿದರೆ ಏನೂ ತಿಳಿಯಲಿಲ್ಲ. ಇಟ್ಟಿಗೆ ದಾಟಿ ಬಿಸಿ ಬರಲು ಬಹಳ ಹೊತ್ತು ಬೇಕು. ಈ ಕಡೆ ಬೆಚ್ಚಗಾಗದೆ ಆ ಕಡೆ ಬೇಗ ಬೆಚ್ಚಗಾಗಿದ್ದರಿಂದ ಪೈಪು ಬಾತ್‌ರೂಮಿನ ಕಡೆಗೇ ಇದೆ ಎನ್ನುವುದೂ ಗೊತ್ತಾಯಿತು.

ತಣ್ಣೀರಿನ ಪೈಪಿಗೆ ಈ ಉಪಾಯ ಇಲ್ಲ. ಅದು ಕೆಳಗಿನಿಂದ ಬಂದಿದೆಯೋ ಮೇಲಿನಿಂದಲೋ ಗೊತ್ತಿಲ್ಲ. ಗೀಸರಿಗೆ ತಣ್ಣೀರು ಏರುವ ಪೈಪು ಬೇರೆ ಇರಬೇಕು. ಹಾಗಾಗಿ ಅದನ್ನು ಹುಡುಕುವ ಗೋಜಿಗೆ ಹೋಗದೆ ಇಡೀ ಜಾಗವನ್ನೇ ಬಿಟ್ಟುಬಿಟ್ಟೆ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರ ಅಳತೆ ಸುಮಾರು 22 ಮಿ.ಮೀ. ನಡುವಿನಿಂದ 11, ಅದರ ಮೇಲೆ 50 ಅಂತರ. ಬಿಸಿನೀರಿನ ಕಡೆ 1575 ಜೊತೆ 61 ಸೇರಿಸಿದರೆ 1636. ತಣ್ಣೀರಿನ ಕಡೆ ಖಚಿತ ಇಲ್ಲದ್ದರಿಂದ ಇನ್ನಷ್ಟು ಉದಾರವಾಗಿ 1325. ಈ ಎರಡರ ನಡುವೆ ನೆಲದಿಂದ ಸೀಲಿಂಗಿನವರೆಗೆ ಡ್ರಿಲ್ ತಾಗುವಂತಿಲ್ಲ. ಮಲಗುವ ಕೋಣೆಯ ಗೋಡೆಯಲ್ಲಿ ಮಾಸ್ಕಿಂಗ್ ಟೇಪಿನಿಂದ ಎರಡು ಗೆರೆ ಹಾಕಿದೆ. 1600ರ ಸ್ಕ್ರೂ 1650ಕ್ಕೆ ಹೋಯಿತು. 1250ರದು ಮೊದಲೇ ಹೊರಗಿತ್ತು.

ಆಳ ಎಲ್ಲಿಂದ ಬಂತು

ಗೋಡೆಯ ದಪ್ಪ ಅಳೆಯಲು ಬಾಗಿಲಿಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ಚೌಕಟ್ಟನ್ನು ಅಳೆದರೆ ತಪ್ಪಾಗುತ್ತದೆ, ಅದು ಗೋಡೆಗಿಂತ ಕಡಿಮೆ ಅಥವಾ ಜಾಸ್ತಿ ಇರಬಹುದು. ಎರಡು ಉದ್ದ ಸ್ಕೇಲುಗಳನ್ನು ಗೋಡೆಯ ಎರಡೂ ಮೈಗೆ ಒತ್ತಿ, ಅವುಗಳ ತುದಿ ಬಾಗಿಲ ಕಿಂಡಿಗೆ ಚಾಚುವಂತೆ ಹಿಡಿದು, ನಡುವಿನ ಅಂತರ ಅಳೆದೆ. 155 ಬಂತು. ಇದರಲ್ಲಿ ಆ ಕಡೆಯ ಟೈಲ್ಸ್ ಮತ್ತು ಗಾರೆ ಸುಮಾರು 30, ಈ ಕಡೆಯ ಗಾರೆ ಸುಮಾರು 15, ನಡುವೆ ಒಂದಿಟ್ಟಿಗೆಯ ಅಗಲ 110.

ಗಾರೆ ಭಾರ ಹೊರುವುದಿಲ್ಲ. ಸ್ಕ್ರೂ ಕೂರುವ ಪ್ಲಗ್ ಹಿಡಿದುಕೊಳ್ಳಬೇಕಾದ್ದು ಇಟ್ಟಿಗೆಯಲ್ಲಿ. 8 ಮಿ.ಮೀ. ದಪ್ಪ, 50 ಉದ್ದದ ನೈಲಾನ್ ಪ್ಲಗ್ ತೆಗೆದುಕೊಂಡೆ. ಗೋಡೆಯ ಮೈಗೆ ಸಮನಾಗಿ ಕೂತರೆ ಅದರ 35 ಮಿ.ಮೀ. ಇಟ್ಟಿಗೆಯಲ್ಲಿರುತ್ತದೆ. 40 ಉದ್ದದ್ದು ಹಾಕಿದರೆ 25 ಮಾತ್ರ, ಪುಸ್ತಕದ ಭಾರಕ್ಕೆ ಅದು ಕಡಿಮೆ ಅನಿಸಿತು. ರಂಧ್ರ ಪ್ಲಗ್ಗಿಗಿಂತ 10 ಜಾಸ್ತಿ ಆಳ ಇರಬೇಕು, ಪುಡಿ ತಳದಲ್ಲಿ ಕೂರುವುದಕ್ಕೆ. ಹಾಗೆ 60.

ಸ್ಕ್ರೂವಿನ ಉದ್ದವನ್ನು ಇಲ್ಲೇ ಸೇರಿಸಿ ನೋಡಬೇಕು. ಬಿಟ್ 60ಕ್ಕೆ ನಿಂತರೂ ಉದ್ದದ ಸ್ಕ್ರೂ ಅದನ್ನು ದಾಟಿ ನುಗ್ಗಬಹುದು. ಪ್ಲಗ್ 50, ಪಟ್ಟಿಯ ದಪ್ಪ 2, ತುದಿ ಹೊರಬರಲು ಸ್ಕ್ರೂವಿನ ದಪ್ಪದಷ್ಟು, ಅಂದರೆ 5. ಒಟ್ಟು 57. ಸಿಗುವ ಅಳತೆ 60. ಪಟ್ಟಿ ಕಳೆದರೆ ಗೋಡೆಯೊಳಗೆ 58, ರಂಧ್ರದ ಒಳಗೇ.

ಈಗ ಉಳಿದ ಭಾಗ. 155ರಲ್ಲಿ 60 ಕಳೆದರೆ 95. ಆ ಕಡೆಯ ಪೈಪಿನ ಬೆನ್ನು ಟೈಲ್ಸ್ ಮೈಯಿಂದ ಸುಮಾರು 50 ಒಳಗಿದೆ ಎಂದಿಟ್ಟುಕೊಂಡರೂ ನಡುವೆ 45 ಉಳಿಯುತ್ತದೆ. ಹಾಗಾದರೆ 1600ರಲ್ಲೇ ಕೊರೆಯಬಹುದಿತ್ತಲ್ಲ ಎಂದು ಕೇಳಬಹುದು. ನಾನು ಒಪ್ಪುವುದಿಲ್ಲ. 155 ಮತ್ತು 60 ನಾನು ಅಳೆದದ್ದು, 50 ಊಹಿಸಿದ್ದು. ಎರಡು ಪೈಪು ಒಂದನ್ನೊಂದು ದಾಟುವ ಕಡೆ ಒಂದು ಇನ್ನೂ ಒಳಗೆ ಹೋಗಿರುತ್ತದೆ. ಜಾಗ ಬದಲಿಸಲು ಆಗದೇ ಇದ್ದಾಗ ಮಾತ್ರ ಆಳವನ್ನು ನಂಬಬೇಕು. ಆಗಲೂ ಚಿಕ್ಕ ಪ್ಲಗ್ ಹಾಕಿ ಸ್ಕ್ರೂಗಳ ಸಂಖ್ಯೆ ಹೆಚ್ಚಿಸಬೇಕು.

ಇನ್ನೊಂದು ವಿಷಯ. ಸ್ಕ್ಯಾನರ್ ಈ ಕಡೆಯಿಂದ 50, ಆ ಕಡೆಯಿಂದ 50 ನೋಡುತ್ತದೆ. ನಡುವಿನ 55ನ್ನು ಯಾರೂ ನೋಡಿಲ್ಲ. ಗ್ರೂವ್ ಹೊಡೆಯುವವರು ಅಷ್ಟು ಒಳಗೆ ಹೋಗುವುದು ಕಡಿಮೆ. ಆದರೆ ಕನ್ನಡಿಯ ಲೈಟಿನ ವೈರಿನಂತೆ ಗೋಡೆ ತೂರುವ ಕಡೆ ಆ ಭಾಗದಲ್ಲೂ ವೈರು ಇರುತ್ತದೆ. ಅದಕ್ಕೇ ಲೈಟು, ನಲ್ಲಿಗಳ ನೇರ ಹಿಂದೆ ಎಷ್ಟೇ ಕಡಿಮೆ ಆಳದಲ್ಲೂ ಕೊರೆಯುವುದಿಲ್ಲ.

ಕೊರೆದದ್ದು

ಕನ್ನಡಿಯ ಲೈಟಿನ ಸ್ವಿಚ್ ಆನ್ ಇದ್ದಂತೆಯೇ ಆ ಭಾಗದ ಎಂಸಿಬಿಗಳನ್ನು ಇಳಿಸಿದೆ. 240ರ ಗೆರೆಯ ಮೇಲೆ ಸ್ಕ್ಯಾನರ್ ಇಟ್ಟೆ, ಸದ್ದಿಲ್ಲ. ಸ್ವಿಚ್ ಬೋರ್ಡಿನ ಸಾಕೆಟ್ಟನ್ನು ಟೆಸ್ಟರಿನಿಂದಲೂ ನೋಡಿದೆ. ಇನ್ವರ್ಟರ್ ಅಥವಾ ಸೋಲಾರ್ ಇರುವ ಮನೆಯಲ್ಲಿ ಇಲ್ಲಿ ಎಚ್ಚರ. ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ತಾನಾಗಿ ಕೆಲವು ಲೈಟುಗಳಿಗೆ ಕರೆಂಟ್ ಕೊಡುತ್ತದೆ. ಅದನ್ನೂ ಆಫ್ ಮಾಡಿ ಮತ್ತೆ ಪರೀಕ್ಷಿಸಬೇಕು. ನೀರಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒತ್ತಡ ಇಳಿಸಿದೆ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತಿರುಗಿದರೂ ಪೂರ್ತಿ ಮುಚ್ಚದೆ ಇರುವುದುಂಟು. ನಲ್ಲಿಯಲ್ಲಿ ನೀರು ನಿಂತಿದ್ದನ್ನು ನೋಡಿದ ಮೇಲೆಯೇ ಡ್ರಿಲ್ ಎತ್ತಿದೆ. ಡ್ರಿಲ್ ಬ್ಯಾಟರಿಯದು, ಆದ್ದರಿಂದ ಕರೆಂಟಿನ ಚಿಂತೆ ಇಲ್ಲ.

ಡ್ರಿಲ್ಲಿನ ಆಳದ ಕಡ್ಡಿಯನ್ನು 60ಕ್ಕೆ ಬಿಗಿದೆ. ಕಡ್ಡಿ ಇಲ್ಲದಿದ್ದರೆ ಬಿಟ್ಟಿಗೆ ಟೇಪ್ ಸುತ್ತುತ್ತಾರೆ. ಅದನ್ನು ಬಿಗಿಯಾಗಿ ಸುತ್ತುವ ಬದಲು ತುದಿಯನ್ನು ಬಾವುಟದಂತೆ ಬಿಡುವುದು ಒಳ್ಳೆಯದು. ಬಾವುಟ ತಿರುಗುತ್ತಾ ಗೋಡೆಯ ಮೇಲಿನ ಪುಡಿಯನ್ನು ಗುಡಿಸಲು ಶುರು ಮಾಡಿದರೆ ಆಳ ಸಿಕ್ಕಿತು ಎಂದರ್ಥ. ಬಿಗಿಯಾಗಿ ಸುತ್ತಿದ ಟೇಪ್ ರಂಧ್ರದ ಅಂಚಿಗೆ ತಾಗಿ ಹಿಂದಕ್ಕೆ ಜಾರಿಬಿಡುತ್ತದೆ.

ಮೊದಲು 4 ಮಿ.ಮೀ. ಬಿಟ್, ಹ್ಯಾಮರ್ ಇಲ್ಲದೆ, ಬರೀ ತಿರುಗಿಸಿ. ನಿಧಾನ ಆಗುತ್ತದೆ, ಆದರೆ ಕೈಗೆ ಗೋಡೆ ಗೊತ್ತಾಗುತ್ತದೆ. ಹ್ಯಾಮರ್ ಹಾಕಿದರೆ ಪೈಪೂ ಇಟ್ಟಿಗೆಯೂ ಒಂದೇ. ಪುಡಿ ಮೊದಲು ಬೂದು ಬಣ್ಣ, ಸುಮಾರು 15ರಲ್ಲಿ ಕೆಂಪಾಯಿತು. ಅಲ್ಲಿ ಗಾರೆ ಮುಗಿದು ಇಟ್ಟಿಗೆ ಶುರು. ಲೆಕ್ಕದಲ್ಲಿ ಹಿಡಿದ 15 ಸರಿಯಿತ್ತು. 550ರ ರಂಧ್ರದಲ್ಲಿ 40ರ ಹತ್ತಿರ ಬಿಟ್ ಒಮ್ಮೆಗೆ ಹಗುರಾಗಿ ನುಗ್ಗಿತು. ನಿಲ್ಲಿಸಿ ಪುಡಿ ನೋಡಿದೆ. ಮರಳು ಮರಳಾದ ಬೂದು ಪುಡಿ, ಇಟ್ಟಿಗೆಗಳ ನಡುವಿನ ಸಿಮೆಂಟು. ಕಾಂಡ್ಯೂಟ್ ಅಥವಾ ಪೈಪು ಆಗಿದ್ದರೆ ಬಿಟ್ಟಿನ ಸುರುಳಿಯಲ್ಲಿ ಪ್ಲಾಸ್ಟಿಕ್ ಎಳೆ ಸುತ್ತಿಕೊಂಡು ಬರುತ್ತದೆ, ಇಲ್ಲವೇ ಪುಡಿ ಒದ್ದೆಯಾಗಿರುತ್ತದೆ. 1250ರಲ್ಲಿ ಉಲ್ಟಾ ಕಥೆ. 30ರಲ್ಲಿ ಬಿಟ್ ಮುಂದೆ ಹೋಗಲೇ ಇಲ್ಲ. ಜೋರಾಗಿ ಒತ್ತುವುದು ಇಲ್ಲಿ ಮಾಡಬಾರದ ಕೆಲಸ. ಬಿಟ್ ಹೊರತೆಗೆದು ಪುಡಿಯನ್ನು ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿದೆ, ಏನೂ ಅಂಟಲಿಲ್ಲ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಟಾರ್ಚ್ ಹಾಕಿ ಪುಡಿಯಲ್ಲಿ, ರಂಧ್ರದ ತಳದಲ್ಲಿ ಹೊಳೆಯುವ ಚೂರು ಇದೆಯೇ ನೋಡಿದೆ. ಕಪ್ಪು ಮಿಶ್ರಿತ ಕೆಂಪು ಪುಡಿ ಮಾತ್ರ. ಹೆಚ್ಚು ಬೆಂದ ಇಟ್ಟಿಗೆ. ಅದೊಂದಕ್ಕೆ ಮಾತ್ರ ಹ್ಯಾಮರ್ ಹಾಕಿದೆ. ಆಮೇಲೆ ನಾಲ್ಕನ್ನೂ 6, ನಂತರ 8ರ ಬಿಟ್‌ನಿಂದ ಅಗಲ ಮಾಡಿದೆ.

ಅಕಸ್ಮಾತ್ ವೈರಿಗೆ ತಾಗಿದ ಅನುಮಾನ ಬಂದರೆ ಎಂಸಿಬಿ ಎತ್ತಿ ನೋಡುವುದಲ್ಲ. ಆ ಜಾಗದ ಗಾರೆ ಬಿಚ್ಚಿ ವೈರು ಕಣ್ಣಿಗೆ ಕಾಣಬೇಕು, ಎಲೆಕ್ಟ್ರಿಷಿಯನ್ ಅದನ್ನು ಬದಲಿಸಬೇಕು. ಪೈಪಿಗೆ ತಾಗಿದರೂ ಅಷ್ಟೇ. ವಾಲ್ವ್ ಮುಚ್ಚಿಯೇ ಇಟ್ಟು, ಅಷ್ಟು ಭಾಗ ಬಿಡಿಸಿ ಪೈಪಿನ ಆ ತುಂಡನ್ನು ಹೊಸದಾಗಿ ಜೋಡಿಸಬೇಕು. ರಂಧ್ರಕ್ಕೆ ಸಿಲಿಕಾನ್ ತುಂಬಿ ಮುಚ್ಚಿದರೆ ಒತ್ತಡದ ನೀರು ಗೋಡೆಯೊಳಗೇ ದಾರಿ ಹುಡುಕುತ್ತದೆ.

ಪುಡಿ ಊದಿ ತೆಗೆದು, ಪ್ಲಗ್ ಹೊಡೆದು, ಪಟ್ಟಿ ಬಿಗಿದೆ. ಕಪಾಟು ತೂಗುಹಾಕುವ ಮೊದಲು ವಾಲ್ವ್ ತೆರೆದು, ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರಿನ ಸಣ್ಣ ಚಕ್ರ ತಿರುಗುತ್ತಿಲ್ಲ ಎಂದು ನೋಡಿದೆ. ಎಂಸಿಬಿ ಎತ್ತಿ ಗೀಸರ್, ಕನ್ನಡಿಯ ಲೈಟು, ಎಲ್ಲವನ್ನೂ ಒಂದೊಂದಾಗಿ ಹಾಕಿದೆ. ಸ್ಕ್ರೂ ವೈರಿನ ಮೇಲ್ಪದರ ಕೊರೆದಿದ್ದರೆ ಎಂಸಿಬಿಗೆ ಅದು ತಿಳಿಯದೆ ಹೋಗಬಹುದು. ಕರೆಂಟ್ ಸೋರಿದರೆ ಲೈನ್ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಸೋರಿಕೆಗೆ ಬೀಳಬಹುದು, ಅದೂ ಸೋರಿಕೆ ಅರ್ಥಿಗೆ ದಾರಿ ಕಂಡುಕೊಂಡಾಗ ಮಾತ್ರ. ಅದಕ್ಕೆ ಲೈಟು ಆನ್ ಇಟ್ಟು ಟೆಸ್ಟರನ್ನು ಲೋಹದ ಪಟ್ಟಿಗೂ ನಾಲ್ಕು ಸ್ಕ್ರೂ ತಲೆಗಳಿಗೂ ತಾಗಿಸಿದೆ. ಉರಿಯಲಿಲ್ಲ. ಅದೇ ಟೆಸ್ಟರ್ ಸಾಕೆಟ್ಟಿನಲ್ಲಿ ಉರಿಯಿತು, ಹಾಗಾಗಿ ಟೆಸ್ಟರ್ ಸರಿಯಿತ್ತು. ಟೇಪು, ಗುರುತುಗಳ ಸಮೇತ ಗೋಡೆಯ ಫೋಟೋ ತೆಗೆದುಕೊಂಡೆ. ಚೌಕಟ್ಟಿನಿಂದ ಅಳತೆಪಟ್ಟಿ ಚಾಚಿರುವುದೂ ಅದರಲ್ಲಿ ಕಾಣಬೇಕು, ಇಲ್ಲದಿದ್ದರೆ ಆ ಫೋಟೋದಿಂದ ಅಂತರ ಅಳೆಯಲು ಆಗುವುದಿಲ್ಲ. ಆಮೇಲೆ ಟೇಪು ಕಿತ್ತು ಕಪಾಟು ಏರಿಸಿದೆ.